ಒಬ್ಬ ಸಹಿ ಹಾಕಿದರೆ ಸಾಲ ಯಾರ ತಲೆಗೆ? ಪಾಲುದಾರಿಕೆಯ ವಸ್ತುನಿಷ್ಠ ಪ್ರಶ್ನೆಗಳನ್ನು ಬಿಡಿಸುವ ಕ್ರಮ

ಭಾರತೀಯ ಪಾಲುದಾರಿಕೆ ಕಾಯ್ದೆ, 1932ರ ಮೇಲೆ ಬರುವ ವಸ್ತುನಿಷ್ಠ ಪ್ರಶ್ನೆಗಳಲ್ಲಿ ಅಂಕ ಕಳೆಯುವುದು ನೆನಪಿನ ಪ್ರಶ್ನೆಗಳಲ್ಲಲ್ಲ. ಕಾಯ್ದೆ ಎಂದು ಜಾರಿಗೆ ಬಂತು, ವ್ಯಾಖ್ಯೆ ಯಾವ ಕಲಮಿನಲ್ಲಿದೆ ಎಂಬುದನ್ನು ಯಾರಾದರೂ ಬಾಯಿಪಾಠ ಮಾಡಬಹುದು. ಕಷ್ಟವಾಗುವುದು ನಾಲ್ಕು ಸಾಲಿನ ಸಣ್ಣ ಕಥೆ ಕೊಟ್ಟು ಕೊನೆಗೆ ‘ಹೊಣೆ ಯಾರದು?’ ಎಂದು ಕೇಳುವ ಪ್ರಶ್ನೆ. ಅಲ್ಲಿ ನಾಲ್ಕು ಆಯ್ಕೆಗಳೂ ಸರಿಯಂತೆಯೇ ಕಾಣುತ್ತವೆ, ಏಕೆಂದರೆ ಒಂದೊಂದೂ ಕಾಯ್ದೆಯ ಯಾವುದೋ ಒಂದು ಮಾತನ್ನು ಹಿಡಿದುಕೊಂಡಿರುತ್ತದೆ. ಇಂಥ ಕಥೆಯನ್ನು ಒಂದು ನಿಶ್ಚಿತ ಕ್ರಮದಲ್ಲಿ ಓದಿದರೆ ಉತ್ತರ ತಾನಾಗಿ ಉಳಿಯುತ್ತದೆ. ಕ್ರಮ ಇದು: ಪಾಲುದಾರಿಕೆ ಇದೆಯೇ, ಆ ಕೃತ್ಯ ಸಂಸ್ಥೆಯ ಕೃತ್ಯವೇ, ಎದುರಿನವನಿಗೆ ಏನು ತಿಳಿದಿತ್ತು, ಆ ದಿನ ಯಾರು ಯಾರು ಪಾಲುದಾರರಾಗಿದ್ದರು. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹಾರಬಾರದು.

ಮೊದಲ ಹಂತ: ಇದು ಪಾಲುದಾರಿಕೆಯೇ ಅಲ್ಲವೇ

ಕಲಂ 4ರ ವ್ಯಾಖ್ಯೆಯನ್ನು ಒಡೆದು ನೋಡಿದರೆ ನಾಲ್ಕು ತುಂಡು ಸಿಗುತ್ತವೆ: ವ್ಯಕ್ತಿಗಳ ನಡುವೆ ಒಪ್ಪಂದ ಇರಬೇಕು, ವ್ಯವಹಾರ ಇರಬೇಕು, ಅದರ ಲಾಭ ಹಂಚಿಕೊಳ್ಳಬೇಕು, ಮತ್ತು ಆ ವ್ಯವಹಾರವನ್ನು ಎಲ್ಲರೂ ಅಥವಾ ಎಲ್ಲರ ಪರವಾಗಿ ಯಾರಾದರೊಬ್ಬರು ನಡೆಸುತ್ತಿರಬೇಕು. ಈ ಕೊನೆಯ ತುಂಡೇ ಪರಸ್ಪರ ಏಜೆನ್ಸಿ. ಪ್ರತಿಯೊಬ್ಬ ಪಾಲುದಾರನೂ ಉಳಿದವರ ಏಜೆಂಟ್, ಜೊತೆಗೆ ಉಳಿದವರ ಕೃತ್ಯಕ್ಕೆ ತಾನೇ ಯಜಮಾನ. ವ್ಯಾಖ್ಯೆಯಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಿ. ನಷ್ಟ ಹಂಚಿಕೊಳ್ಳಬೇಕು ಎಂದಿಲ್ಲ, ಬರವಣಿಗೆಯಲ್ಲಿರಬೇಕು ಎಂದಿಲ್ಲ, ನೋಂದಣಿ ಆಗಿರಬೇಕು ಎಂದಿಲ್ಲ, ಎಲ್ಲರೂ ಅಂಗಡಿಗೆ ಬಂದು ಕೂರಬೇಕು ಎಂದೂ ಇಲ್ಲ. ಪ್ರಶ್ನೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಹೆಚ್ಚಾಗಿ ಈ ಇಲ್ಲದ ಮಾತುಗಳಿಂದಲೇ ಕಟ್ಟುತ್ತಾರೆ.

ಲಾಭದಲ್ಲಿ ಪಾಲು ಪಡೆಯುವವರೆಲ್ಲ ಪಾಲುದಾರರೇ? ಹಿಂದೆ ಇಂಗ್ಲೆಂಡಿನಲ್ಲಿ ಹೌದು ಎಂದೇ ಹೇಳುತ್ತಿದ್ದರು. 1793ರ ವಾ ವಿರುದ್ಧ ಕಾರ್ವರ್ ತೀರ್ಪಿನ ಮಾತು ಅದು. ಅದನ್ನು ಮುರಿದದ್ದು 1860ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಕಾಕ್ಸ್ ವಿರುದ್ಧ ಹಿಕ್ಮನ್ ಪ್ರಕರಣ. ಇದನ್ನು ಹೆಸರಿನಿಂದ ನೆನಪಿಟ್ಟರೆ ಸಾಲದು, ಕಥೆ ಗೊತ್ತಿರಬೇಕು. ಸ್ಮಿತ್ ಎಂಬವರ ಕಬ್ಬಿಣದ ವ್ಯವಹಾರ ಸಾಲದಲ್ಲಿ ಮುಳುಗಿತು. ಸಾಲಗಾರರ ಆಸ್ತಿ ಹರಾಜು ಹಾಕುವ ಬದಲು ಸಾಲ ಕೊಟ್ಟವರು ಒಂದು ಒಪ್ಪಂದಕ್ಕೆ ಬಂದರು: ವ್ಯವಹಾರವನ್ನು ಟ್ರಸ್ಟಿಗಳ ಕೈಗೆ ಒಪ್ಪಿಸಿ ಮುಂದುವರಿಸುವುದು, ಬರುವ ಲಾಭವನ್ನು ಸಾಲ ತೀರುವವರೆಗೆ ಸಾಲ ಕೊಟ್ಟವರಿಗೆ ಹಂಚುವುದು. ಕಾಕ್ಸ್ ಸಾಲ ಕೊಟ್ಟವರಲ್ಲಿ ಒಬ್ಬ. ಟ್ರಸ್ಟಿ ಎಂದು ಅವನ ಹೆಸರಿದ್ದರೂ ಅವನು ಆ ಕೆಲಸ ವಹಿಸಿಕೊಳ್ಳಲೇ ಇಲ್ಲ. ಮುಂದೆ ಹಿಕ್ಮನ್ ಎಂಬಾತ ಆ ವ್ಯವಹಾರಕ್ಕೆ ಸರಕು ಪೂರೈಸಿದ, ಉಳಿದಿದ್ದ ಟ್ರಸ್ಟಿಯೊಬ್ಬ ಹುಂಡಿಗೆ ಒಪ್ಪಿಗೆ ಸಹಿ ಹಾಕಿದ, ಹಣ ಬರಲಿಲ್ಲ. ‘ಲಾಭದಲ್ಲಿ ಪಾಲು ಪಡೆಯುವ ನೀನೂ ಪಾಲುದಾರ’ ಎಂದು ಹಿಕ್ಮನ್ ಕಾಕ್ಸ್‌ನ ಮೇಲೆ ದಾವೆ ಹೂಡಿದ. ದಾವೆ ನಿಲ್ಲಲಿಲ್ಲ. ಟ್ರಸ್ಟಿಗಳು ಕಾಕ್ಸ್‌ನ ಏಜೆಂಟರಾಗಿ ವ್ಯವಹಾರ ನಡೆಸುತ್ತಿರಲಿಲ್ಲ, ಅದು ಸ್ಮಿತ್ ಅವರದೇ ವ್ಯವಹಾರವಾಗಿತ್ತು. ಕಾಕ್ಸ್ ತನಗೆ ಬರಬೇಕಾದ ಸಾಲವನ್ನು ಲಾಭದ ದಾರಿಯಲ್ಲಿ ವಸೂಲು ಮಾಡಿಕೊಳ್ಳುತ್ತಿದ್ದ, ಅಷ್ಟೆ.

ಇದೇ ತತ್ವ ನಮ್ಮ ಕಲಂ 6ರಲ್ಲಿದೆ. ಪಾಲುದಾರಿಕೆ ಇದೆಯೋ ಇಲ್ಲವೋ ಎಂಬುದನ್ನು ಎಲ್ಲ ಸಂಗತಿಗಳನ್ನೂ ಒಟ್ಟಿಗೆ ನೋಡಿ, ಅವರ ನಡುವಿನ ನಿಜವಾದ ಸಂಬಂಧದಿಂದ ತೀರ್ಮಾನಿಸಬೇಕು. ಲಾಭದ ಪಾಲು ಪಡೆದ ಮಾತ್ರಕ್ಕೆ ಸಾಲ ಕೊಟ್ಟವನು, ನೌಕರ ಅಥವಾ ಏಜೆಂಟ್, ತೀರಿಹೋದ ಪಾಲುದಾರನ ಹೆಂಡತಿ ಅಥವಾ ಮಗು, ಗುಡ್‌ವಿಲ್ ಮಾರಿದ ಹಳೆಯ ಮಾಲೀಕ ಇವರು ಯಾರೂ ಪಾಲುದಾರರಾಗುವುದಿಲ್ಲ. ಜಂಟಿ ಮಾಲೀಕತ್ವದ ಮನೆಯ ಬಾಡಿಗೆ ಹಂಚಿಕೊಳ್ಳುವ ಇಬ್ಬರೂ ಆ ಕಾರಣಕ್ಕೇ ಪಾಲುದಾರರಲ್ಲ. ಕಲಂ 5ರ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ವ್ಯವಹಾರ ನಡೆಸುವ ಸದಸ್ಯರೂ ಅಲ್ಲ, ಏಕೆಂದರೆ ಅಲ್ಲಿ ಸಂಬಂಧ ಬಂದದ್ದು ಹುಟ್ಟಿನಿಂದ, ಒಪ್ಪಂದದಿಂದಲ್ಲ.

ಹೇಳಿಕೆ–ಕಾರಣ ಮಾದರಿಯಲ್ಲಿ ಇದು ಹೀಗೆ ಬರುತ್ತದೆ. ಹೇಳಿಕೆ: ಪಾಲುದಾರಿಕೆಗೆ ಲಾಭ ಹಂಚಿಕೆಯ ಒಪ್ಪಂದ ಅಗತ್ಯ. ಕಾರಣ: ವ್ಯವಹಾರದ ಲಾಭದಲ್ಲಿ ಪಾಲು ಪಡೆಯುವ ಪ್ರತಿಯೊಬ್ಬನೂ ಪಾಲುದಾರ. ಹೇಳಿಕೆ ಸರಿ, ಕಾರಣ ತಪ್ಪು. ಲಾಭ ಹಂಚಿಕೆ ಇಲ್ಲದೆ ಪಾಲುದಾರಿಕೆ ಇಲ್ಲ, ಆದರೆ ಲಾಭ ಹಂಚಿಕೆ ಇದೆಯೆಂದಾಕ್ಷಣ ಪಾಲುದಾರಿಕೆ ಸಾಬೀತಾಗುವುದಿಲ್ಲ. ಆಯ್ಕೆಗಳಲ್ಲಿ ‘ಮೇಲ್ನೋಟದ ಸಾಕ್ಷ್ಯ’, ‘ನಿರ್ಣಾಯಕ ಸಾಕ್ಷ್ಯ’ ಎರಡೂ ಇದ್ದರೆ ಲಾಭ ಹಂಚಿಕೆಗೆ ಮೊದಲನೆಯದು. ನಿರ್ಣಾಯಕ ಪರೀಕ್ಷೆ ಯಾವುದು ಎಂದು ಕೇಳಿದರೆ ಪರಸ್ಪರ ಏಜೆನ್ಸಿ.

ಎರಡನೇ ಹಂತ: ಸಂಸ್ಥೆಯ ಕೃತ್ಯವೇ, ಅವನ ಸ್ವಂತದ್ದೇ

ಇನ್ನು ಮುಂದಕ್ಕೆ ಒಂದೇ ಕಥೆಯನ್ನು ಹಿಡಿದು ಹೋಗೋಣ. ರಮೇಶ, ಸವಿತಾ, ಇಮ್ರಾನ್ ಮೂವರು ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರದ ಪಾಲುದಾರರು. ಲಾಭ–ನಷ್ಟದ ಪ್ರಮಾಣ 50, 30, 20. ‘ಎಲ್ಲರ ಒಪ್ಪಿಗೆ ಇಲ್ಲದೆ ಯಾರೂ 2,00,000 ರೂಪಾಯಿಗಿಂತ ಹೆಚ್ಚಿನ ಸರಕನ್ನು ಉದ್ದರಿ ತರುವಂತಿಲ್ಲ’ ಎಂದು ಪಾಲುದಾರಿಕೆ ಪತ್ರದಲ್ಲಿದೆ. ಇಮ್ರಾನ್ ಯಾರಿಗೂ ಹೇಳದೆ ಸಂಸ್ಥೆಯ ಹೆಸರಿನಲ್ಲಿ 5,00,000 ರೂಪಾಯಿಯ ಕೇಬಲ್ ಅನ್ನು ಉದ್ದರಿ ತರಿಸಿ, ಹೊರಗೆ ಮಾರಿ, ಹಣ ಜೇಬಿಗೆ ಹಾಕಿಕೊಂಡ. ಪೂರೈಕೆದಾರನಿಗೆ ಪತ್ರದ ಷರತ್ತು ಗೊತ್ತಿರಲಿಲ್ಲ. ಹೊಣೆ ಯಾರದು?

ಆಯ್ಕೆಗಳು ಹೀಗಿರುತ್ತವೆ: (ಎ) ಇಮ್ರಾನ್ ಒಬ್ಬನೇ. (ಬಿ) 2,00,000 ರೂಪಾಯಿವರೆಗೆ ಎಲ್ಲರೂ, ಉಳಿದದ್ದು ಇಮ್ರಾನ್. (ಸಿ) ಮೂವರೂ, 50, 30, 20ರ ಪ್ರಮಾಣದಲ್ಲಿ ಮಾತ್ರ. (ಡಿ) ಮೂವರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ, ಪೂರ್ತಿ 5,00,000ಕ್ಕೆ.

ಕಲಂ 18 ಪಾಲುದಾರನನ್ನು ಸಂಸ್ಥೆಯ ಏಜೆಂಟ್ ಎನ್ನುತ್ತದೆ, ಆದರೆ ‘ಸಂಸ್ಥೆಯ ವ್ಯವಹಾರದ ಉದ್ದೇಶಗಳಿಗಾಗಿ’ ಮಾತ್ರ. ಕಲಂ 19 ಅದನ್ನು ಬಿಡಿಸಿ ಹೇಳುತ್ತದೆ: ಸಂಸ್ಥೆ ನಡೆಸುವ ಬಗೆಯ ವ್ಯವಹಾರವನ್ನು ವಾಡಿಕೆಯ ರೀತಿಯಲ್ಲಿ ನಡೆಸಲು ಪಾಲುದಾರ ಮಾಡಿದ ಕೃತ್ಯ ಸಂಸ್ಥೆಯನ್ನು ಕಟ್ಟಿಹಾಕುತ್ತದೆ. ಇದನ್ನೇ ಸೂಚಿತ ಅಧಿಕಾರ ಎನ್ನುವುದು. ಯಾರೂ ಬಾಯಿಬಿಟ್ಟು ಕೊಡದಿದ್ದರೂ ಪಾಲುದಾರ ಎಂಬ ಕಾರಣಕ್ಕೇ ಇರುವ ಅಧಿಕಾರ. ಕಲಂ 22 ಇದಕ್ಕೊಂದು ರೂಪದ ಷರತ್ತು ಸೇರಿಸುತ್ತದೆ: ಕೃತ್ಯ ಸಂಸ್ಥೆಯ ಹೆಸರಿನಲ್ಲಿ ಆಗಿರಬೇಕು, ಇಲ್ಲವೇ ಸಂಸ್ಥೆಯನ್ನು ಕಟ್ಟಿಹಾಕುವ ಉದ್ದೇಶ ಬೇರೆ ಯಾವುದಾದರೂ ರೀತಿಯಲ್ಲಿ ತೋರಬೇಕು.

ಹಾಗಾಗಿ ಇಲ್ಲಿ ಕೇಳಬೇಕಾದದ್ದು ಮೂರು. ವಿದ್ಯುತ್ ಸಾಮಗ್ರಿ ವ್ಯಾಪಾರಕ್ಕೆ ಕೇಬಲ್ ಸಂಬಂಧಪಟ್ಟದ್ದೇ? ಹೌದು. ಸಗಟು ವ್ಯಾಪಾರದಲ್ಲಿ ಉದ್ದರಿ ಸರಕು ತರುವುದು ವಾಡಿಕೆಯೇ? ಹೌದು. ಸಂಸ್ಥೆಯ ಹೆಸರು ಬಳಸಿದನೇ? ಹೌದು. ಅಲ್ಲಿಗೆ ಅದು ಸಂಸ್ಥೆಯ ಕೃತ್ಯವಾಯಿತು. ಇಮ್ರಾನ್ ಮನಸ್ಸಿನಲ್ಲಿ ಮೋಸ ಇತ್ತೆಂಬುದು ಪೂರೈಕೆದಾರನ ಹಕ್ಕನ್ನು ಮುಟ್ಟುವುದಿಲ್ಲ. ವಿದ್ಯಾರ್ಥಿಗಳು ಆಯ್ಕೆ (ಎ) ಕಡೆ ಜಾರುವುದು ಇಲ್ಲೇ. ‘ಮೋಸ ಮಾಡಿದವನು ಅನುಭವಿಸಲಿ’ ಎಂಬ ನ್ಯಾಯಬುದ್ಧಿ ಒಳ್ಳೆಯದೇ, ಆದರೆ ಅದಕ್ಕೆ ಕಾಯ್ದೆ ಬೇರೆ ಜಾಗ ಇಟ್ಟಿದೆ.

ಕಥೆಯನ್ನು ಸ್ವಲ್ಪ ತಿರುಗಿಸಿ. ಇಮ್ರಾನ್ ಕೇಬಲ್ ಬದಲು ಸಂಸ್ಥೆಯ ಹೆಸರಿನಲ್ಲಿ ಒಂದು ನಿವೇಶನ ಖರೀದಿಸಲು ಒಪ್ಪಂದ ಮಾಡಿಕೊಂಡಿದ್ದರೆ? ಸಂಸ್ಥೆ ಹೊಣೆಯಲ್ಲ. ಕಲಂ 19(2) ಎಂಟು ಕೆಲಸಗಳನ್ನು ಸೂಚಿತ ಅಧಿಕಾರದಿಂದ ಹೊರಗಿಟ್ಟಿದೆ. ವಿವಾದವನ್ನು ಪಂಚಾಯ್ತಿಗೆ ಅಂದರೆ ಮಧ್ಯಸ್ಥಿಕೆಗೆ ಒಪ್ಪಿಸುವುದು, ಸಂಸ್ಥೆಯ ಪರವಾಗಿ ತನ್ನ ಸ್ವಂತ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವುದು, ಸಂಸ್ಥೆಗೆ ಬರಬೇಕಾದ ಕ್ಲೇಮಿನಲ್ಲಿ ರಾಜಿಯಾಗುವುದು ಅಥವಾ ಅದನ್ನು ಬಿಟ್ಟುಕೊಡುವುದು, ಸಂಸ್ಥೆ ಹೂಡಿದ ದಾವೆ ವಾಪಸು ಪಡೆಯುವುದು, ಸಂಸ್ಥೆಯ ವಿರುದ್ಧದ ದಾವೆಯಲ್ಲಿ ಹೊಣೆ ಒಪ್ಪಿಕೊಳ್ಳುವುದು, ಸ್ಥಿರಾಸ್ತಿ ಕೊಳ್ಳುವುದು, ಸಂಸ್ಥೆಯ ಸ್ಥಿರಾಸ್ತಿ ಪರಭಾರೆ ಮಾಡುವುದು, ಸಂಸ್ಥೆಯ ಪರವಾಗಿ ಇನ್ನೊಂದು ಪಾಲುದಾರಿಕೆಗೆ ಸೇರುವುದು. ಇವನ್ನು ಗುಂಪಾಗಿ ನೆನಪಿಡಿ: ವ್ಯಾಜ್ಯಕ್ಕೆ ಸಂಬಂಧಿಸಿದವು ನಾಲ್ಕು, ಸ್ಥಿರಾಸ್ತಿಯವು ಎರಡು, ಬ್ಯಾಂಕ್ ಖಾತೆ ಒಂದು, ಹೊಸ ಪಾಲುದಾರಿಕೆ ಒಂದು.

ಈ ಪಟ್ಟಿಯಲ್ಲಿ ಎರಡು ಕೊಕ್ಕೆಗಳಿವೆ. ನಿಷೇಧ ಇರುವುದು ಸ್ವಂತ ಹೆಸರಿನ ಖಾತೆಗೆ. ‘ಸಂಸ್ಥೆಯ ಹೆಸರಿನಲ್ಲಿ ಖಾತೆ ತೆರೆಯುವುದು’ ಎಂದು ಆಯ್ಕೆ ಬಂದರೆ ಅದು ಪಟ್ಟಿಯಲ್ಲಿ ಇಲ್ಲ. ಎರಡನೆಯದು, ಇಡೀ ಪಟ್ಟಿ ‘ವ್ಯಾಪಾರದ ರೂಢಿ ಅಥವಾ ಪದ್ಧತಿ ಬೇರೆ ಇಲ್ಲದಿದ್ದರೆ’ ಎಂಬ ಮಾತಿಗೆ ಒಳಪಟ್ಟದ್ದು. ಹಾಗಾಗಿ ‘ಯಾವ ಸಂದರ್ಭದಲ್ಲೂ ಸಾಧ್ಯವಿಲ್ಲ’ ಎಂಬ ಆಯ್ಕೆಯನ್ನು ಅನುಮಾನದಿಂದಲೇ ನೋಡಿ.

ಸಾಲ ಎತ್ತುವ ಪ್ರಶ್ನೆಗೆ ಸಂಸ್ಥೆಯ ಬಗೆ ನೋಡಬೇಕು. ಸರಕು ಕೊಂಡು ಮಾರುವ ವ್ಯಾಪಾರಿ ಸಂಸ್ಥೆಯಲ್ಲಿ ವ್ಯವಹಾರಕ್ಕಾಗಿ ಸಂಸ್ಥೆಯ ಹೆಸರಿನಲ್ಲಿ ಸಾಲ ಪಡೆಯುವುದು ವಾಡಿಕೆ, ಆದ್ದರಿಂದ ಪಾಲುದಾರನಿಗೆ ಆ ಅಧಿಕಾರ ಇದೆ ಎಂದೇ ಹಿಡಿಯುತ್ತಾರೆ. ವಕೀಲರ ಅಥವಾ ವೈದ್ಯರ ಸಂಸ್ಥೆಯಲ್ಲಿ ಸಾಮಾನ್ಯವಾಗಿ ಹಾಗೆ ಹಿಡಿಯುವುದಿಲ್ಲ. ಕಥೆಯ ಮೊದಲ ಸಾಲಿನಲ್ಲಿ ಸಂಸ್ಥೆ ಏನು ಕೆಲಸ ಮಾಡುತ್ತದೆ ಎಂದು ಹೇಳಿದ್ದರೆ ಅದು ಅಲಂಕಾರಕ್ಕೆ ಹೇಳಿದ್ದಲ್ಲ.

ಮೂರನೇ ಹಂತ: ಎದುರಿನವನಿಗೆ ಏನು ಗೊತ್ತಿತ್ತು

ಈಗ ಪತ್ರದ 2,00,000 ರೂಪಾಯಿ ಮಿತಿ. ಕಲಂ 20ರ ಪ್ರಕಾರ ಪಾಲುದಾರರು ತಮ್ಮೊಳಗೆ ಒಬ್ಬನ ಸೂಚಿತ ಅಧಿಕಾರವನ್ನು ಹಿಗ್ಗಿಸಬಹುದು, ಕುಗ್ಗಿಸಲೂಬಹುದು. ಆದರೆ ಹಾಗೆ ಕುಗ್ಗಿಸಿದ್ದು ಹೊರಗಿನವನನ್ನು ತಟ್ಟುವುದು ಎರಡೇ ಸಂದರ್ಭದಲ್ಲಿ: ಆ ನಿರ್ಬಂಧ ಅವನಿಗೆ ತಿಳಿದಿರಬೇಕು, ಇಲ್ಲವೇ ವ್ಯವಹರಿಸುತ್ತಿರುವವನು ಪಾಲುದಾರ ಎಂಬುದೇ ಅವನಿಗೆ ತಿಳಿದಿರಬಾರದು, ಅಂಥ ನಂಬಿಕೆಯೂ ಇರಬಾರದು. ನಮ್ಮ ಪೂರೈಕೆದಾರನಿಗೆ ಮಿತಿ ಗೊತ್ತಿಲ್ಲ, ಇಮ್ರಾನ್ ಪಾಲುದಾರ ಎಂಬುದು ಗೊತ್ತು. ಮಿತಿ ಅವನ ಮೇಲೆ ನಡೆಯುವುದಿಲ್ಲ. ಆಯ್ಕೆ (ಬಿ) ಬಿದ್ದುಹೋಯಿತು.

ಪೂರೈಕೆದಾರನಿಗೆ ಮೊದಲೇ ಪಾಲುದಾರಿಕೆ ಪತ್ರದ ಪ್ರತಿ ಕೊಟ್ಟು ಈ ಷರತ್ತು ತೋರಿಸಿದ್ದರೆ ಉತ್ತರ ತಲೆಕೆಳಗಾಗುತ್ತಿತ್ತು. ಆಗ 5,00,000 ರೂಪಾಯಿಯ ಆ ಖರೀದಿ ಸಂಸ್ಥೆಯನ್ನು ಕಟ್ಟಿಹಾಕುವುದಿಲ್ಲ. ಇಮ್ರಾನ್ ತನ್ನ ಹೆಸರಿನಲ್ಲೇ ಬಿಲ್ಲು ಮಾಡಿಸಿಕೊಂಡು, ಪೂರೈಕೆದಾರನೂ ಇವನೊಬ್ಬ ಒಂಟಿ ವ್ಯಾಪಾರಿ ಎಂದುಕೊಂಡು ಸರಕು ಕೊಟ್ಟಿದ್ದರೂ ಹಾಗೆಯೇ. ಅಲ್ಲಿ ಕಲಂ 20 ಮತ್ತು 22 ಎರಡೂ ಸಂಸ್ಥೆಯ ಪರ ನಿಲ್ಲುತ್ತವೆ. ಅದಕ್ಕೇ ಕಥೆಯಲ್ಲಿ ‘ತಿಳಿದಿತ್ತು’, ‘ತಿಳಿಯದೆ’, ‘ಸಂಸ್ಥೆಯ ಹೆಸರಿನಲ್ಲಿ’ ಎಂಬ ಪದಗಳಿಗೆ ಅಡಿಗೆರೆ ಎಳೆದುಕೊಂಡು ಓದುವುದು ಒಳ್ಳೆಯದು. ಇಡೀ ಪ್ರಶ್ನೆ ನಿಂತಿರುವುದು ಹೆಚ್ಚಾಗಿ ಈ ಪದಗಳ ಮೇಲೆಯೇ.

ಉಳಿದದ್ದು (ಸಿ) ಮತ್ತು (ಡಿ). ಕಲಂ 25ರ ಮಾತು ನೇರವಾಗಿದೆ: ತಾನು ಪಾಲುದಾರನಾಗಿದ್ದಾಗ ನಡೆದ ಸಂಸ್ಥೆಯ ಎಲ್ಲ ಕೃತ್ಯಗಳಿಗೆ ಪ್ರತಿಯೊಬ್ಬ ಪಾಲುದಾರನೂ ಉಳಿದವರೊಂದಿಗೆ ಜಂಟಿಯಾಗಿ, ಜೊತೆಗೆ ಪ್ರತ್ಯೇಕವಾಗಿಯೂ ಹೊಣೆ. ಪೂರೈಕೆದಾರ ಮೂವರ ಮೇಲೂ ದಾವೆ ಹೂಡಬಹುದು, ಸವಿತಾ ಒಬ್ಬಳಿಂದಲೇ ಪೂರ್ತಿ 5,00,000 ವಸೂಲು ಮಾಡಲೂಬಹುದು. 50, 30, 20 ಎಂಬುದು ಅವರೊಳಗಿನ ಲೆಕ್ಕ. ‘ನನ್ನ ಪಾಲು 30, ಹಾಗಾಗಿ 1,50,000 ಮಾತ್ರ ಕೊಡುತ್ತೇನೆ’ ಎಂದು ಸವಿತಾ ಪೂರೈಕೆದಾರನಿಗೆ ಹೇಳುವಂತಿಲ್ಲ. ಸರಿ ಉತ್ತರ (ಡಿ).

ಇಮ್ರಾನ್ ತಪ್ಪಿಸಿಕೊಂಡನೇ? ಇಲ್ಲ. ವ್ಯವಹಾರ ನಡೆಸುವಾಗ ತಾನು ಮಾಡಿದ ಮೋಸದಿಂದ ಸಂಸ್ಥೆಗಾದ ನಷ್ಟವನ್ನು ಪಾಲುದಾರ ತುಂಬಿಕೊಡಬೇಕು ಎಂದು ಕಲಂ 10 ಹೇಳುತ್ತದೆ. ನ್ಯಾಯಬುದ್ಧಿಗೆ ಕಾಯ್ದೆ ಇಟ್ಟ ಜಾಗ ಎಂದೆನಲ್ಲ, ಅದು ಇದೇ. ಹೊರಗಿನವನ ಮುಂದೆ ಎಲ್ಲರೂ ಹೊಣೆ, ಒಳಗಿನ ಲೆಕ್ಕದಲ್ಲಿ ಮೋಸ ಮಾಡಿದವನ ತಲೆಗೆ. ಪ್ರಶ್ನೆಯ ಕೊನೆಯ ಸಾಲು ‘ಪೂರೈಕೆದಾರನಿಗೆ’ ಎನ್ನುತ್ತದೋ ‘ಪಾಲುದಾರರ ನಡುವೆ’ ಎನ್ನುತ್ತದೋ ನೋಡಿಕೊಂಡೇ ಗುರುತು ಹಾಕಿ. ಕಥೆ ಒಂದೇ ಇದ್ದರೂ ಉತ್ತರ ಬೇರೆ.

ಖರೀದಿಯಲ್ಲದೆ ಅಪಕೃತ್ಯದ ಕಥೆ ಬಂದರೆ ಕಲಂ 26. ಸರಕು ತಲುಪಿಸಲು ಸಂಸ್ಥೆಯ ವ್ಯಾನು ಓಡಿಸುತ್ತಿದ್ದ ಪಾಲುದಾರ ಅಜಾಗರೂಕತೆಯಿಂದ ಒಬ್ಬನಿಗೆ ಗುದ್ದಿದರೆ, ಅದು ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಆದದ್ದು, ಸಂಸ್ಥೆಯೂ ಹೊಣೆ. ಅದೇ ವ್ಯಾನಿನಲ್ಲಿ ಸಂಬಂಧಿಕರ ಮದುವೆಗೆ ಹೋಗುವಾಗ ಗುದ್ದಿದರೆ, ಉಳಿದವರ ಅನುಮತಿ ಪಡೆದು ಸಂಸ್ಥೆಯ ಕೆಲಸಕ್ಕೆ ಹೋದದ್ದಲ್ಲವಾದ್ದರಿಂದ, ಅವನೊಬ್ಬನ ಹೊಣೆ. ಗಿರಾಕಿಯ ಹಣ ನುಂಗಿದ ಕಥೆಗೆ ಕಲಂ 27. ಪಾಲುದಾರ ತನಗಿದೆಯೆಂದು ತೋರುವ ಅಧಿಕಾರದೊಳಗೆ ಹಣ ಪಡೆದು ನುಂಗಿದರೂ ಸಂಸ್ಥೆ ತುಂಬಬೇಕು, ಸಂಸ್ಥೆಯೇ ವ್ಯವಹಾರದಲ್ಲಿ ಪಡೆದ ಹಣ ಅದರ ವಶದಲ್ಲಿರುವಾಗ ಪಾಲುದಾರನೊಬ್ಬ ನುಂಗಿದರೂ ತುಂಬಬೇಕು. ಗೆಳೆತನದ ಮೇಲೆ ಅವನ ಸ್ವಂತ ಕೈಗೆ ಕೊಟ್ಟ ಹಣಕ್ಕೆ ಈ ಕಲಂ ಬರುವುದಿಲ್ಲ.

ನಾಲ್ಕನೇ ಹಂತ: ಆ ದಿನ ಯಾರು ಪಾಲುದಾರರು

ಕಥೆಯಲ್ಲಿ ದಿನಾಂಕ ಕಂಡರೆ ಮೊದಲು ಒಂದು ಗೆರೆ ಎಳೆದು ದಿನಾಂಕಗಳನ್ನು ಅದರ ಮೇಲೆ ಬರೆದುಕೊಳ್ಳಿ. ಕೃತ್ಯ ನಡೆದ ದಿನ ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ.

ಇಮ್ರಾನ್ ಕೇಬಲ್ ತರಿಸಿದ್ದು ಜೂನ್ 10ರಂದು, ಸವಿತಾ ನಿವೃತ್ತಳಾದದ್ದು ಮೇ 10ರಂದು, ಸಾರ್ವಜನಿಕ ನೋಟಿಸು ಯಾರೂ ಕೊಟ್ಟಿಲ್ಲ ಎಂದಿಟ್ಟುಕೊಳ್ಳಿ. ಕಲಂ 32(3)ರ ಪ್ರಕಾರ ನೋಟಿಸು ಕೊಡುವವರೆಗೆ ಆಕೆ ಹೊರಗಿನವರಿಗೆ ಪಾಲುದಾರಳಂತೆಯೇ ಹೊಣೆ. ನೋಟಿಸು ಎಂದರೆ ಪೂರೈಕೆದಾರರಿಗೆ ಫೋನ್ ಮಾಡಿ ಹೇಳುವುದಲ್ಲ. ಕಲಂ 72 ಹೇಳುವಂತೆ ರಾಜಪತ್ರದಲ್ಲಿ ಮತ್ತು ಆ ಜಿಲ್ಲೆಯಲ್ಲಿ ಓಡಾಡುವ ಕನಿಷ್ಠ ಒಂದು ದೇಶಭಾಷಾ ಪತ್ರಿಕೆಯಲ್ಲಿ ಪ್ರಕಟಣೆ ಆಗಬೇಕು, ಸಂಸ್ಥೆ ನೋಂದಣಿಯಾಗಿದ್ದರೆ ರಿಜಿಸ್ಟ್ರಾರರಿಗೂ ನೋಟಿಸು ಹೋಗಬೇಕು. ಇಷ್ಟು ಓದಿದವರು ‘ನೋಟಿಸು ಇಲ್ಲ, ಹಾಗಾಗಿ ಸವಿತಾ ಹೊಣೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಅದೇ ಉಪಕಲಮಿಗೆ ಒಂದು ಪರಂತುಕ ಇದೆ: ಆಕೆ ಪಾಲುದಾರಳಾಗಿದ್ದಳು ಎಂಬುದೇ ತಿಳಿಯದೆ ಸಂಸ್ಥೆಯೊಂದಿಗೆ ವ್ಯವಹರಿಸಿದವನಿಗೆ ನಿವೃತ್ತ ಪಾಲುದಾರ ಹೊಣೆಯಲ್ಲ. ಪೂರೈಕೆದಾರ ಸವಿತಾಳ ಹೆಸರನ್ನೇ ಕೇಳಿರದಿದ್ದರೆ, ನೋಟಿಸು ಇಲ್ಲದಿದ್ದರೂ ಆಕೆ ಪಾರು. ನಂಬಿ ಕೊಟ್ಟವನಿಗೆ ರಕ್ಷಣೆ ಎಂಬುದೇ ಈ ನಿಯಮದ ಹಿಂದಿನ ಕಾರಣ. ಗೊತ್ತೇ ಇಲ್ಲದವಳನ್ನು ನಂಬಿದೆ ಎನ್ನುವುದು ಹೇಗೆ?

ಮೇ 10ಕ್ಕಿಂತ ಹಿಂದಿನ ಸಾಲವಾಗಿದ್ದರೆ ನಿವೃತ್ತಿಯಿಂದ ಏನೂ ಬದಲಾಗದು. ಸಾಲ ಕೊಟ್ಟವನು ಮತ್ತು ಉಳಿದ ಪಾಲುದಾರರು ಆಕೆಯನ್ನು ಬಿಡುಗಡೆ ಮಾಡಲು ಒಪ್ಪಿದ್ದರೆ ಮಾತ್ರ ಹೊಣೆ ಕಳಚುತ್ತದೆ. ಸವಿತಾ ಮೇ 10ರಂದು ನಿವೃತ್ತಳಾಗದೆ ತೀರಿಕೊಂಡು, ಪಾಲುದಾರರ ಒಪ್ಪಂದದಂತೆ ಸಂಸ್ಥೆ ಮುಂದುವರಿದಿದ್ದರೆ, ಆಮೇಲಿನ ಕೃತ್ಯಕ್ಕೆ ಆಕೆಯ ಆಸ್ತಿ ಹೊಣೆಯಾಗದು, ನೋಟಿಸೂ ಬೇಕಿಲ್ಲ. ಹಳೆಯ ಹೆಸರಿನಲ್ಲೇ ವ್ಯವಹಾರ ನಡೆದರೂ ಅಷ್ಟೆ.

ಒಳಬರುವವರ ಲೆಕ್ಕದಲ್ಲಿ ಎರಡು ಬಗೆಯವರನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಜುಲೈನಲ್ಲಿ ಹೊಸ ಪಾಲುದಾರನಾಗಿ ಸೇರಿದವನು ಕಲಂ 31ರಂತೆ ಜೂನ್ 10ರ ಕೇಬಲ್ ಸಾಲಕ್ಕೆ ಹೊಣೆಯಲ್ಲ. ಆದರೆ ಜೂನ್‌ಗಿಂತ ಮೊದಲೇ ಎಲ್ಲ ಪಾಲುದಾರರ ಒಪ್ಪಿಗೆಯಿಂದ ಲಾಭಕ್ಕಷ್ಟೇ ಸೇರಿಸಿಕೊಂಡಿದ್ದ ಅಪ್ರಾಪ್ತನೊಬ್ಬ ಜುಲೈನಲ್ಲಿ ಪ್ರಾಪ್ತ ವಯಸ್ಕನಾದರೆ ಕಥೆ ಬೇರೆ. ಅಪ್ರಾಪ್ತನಾಗಿದ್ದಾಗ ಸಂಸ್ಥೆಯಲ್ಲಿರುವ ಅವನ ಪಾಲಷ್ಟೇ ಹೊಣೆ, ಅವನ ಸ್ವಂತ ಆಸ್ತಿಯಲ್ಲ. ಪ್ರಾಪ್ತನಾದ ದಿನ ಅಥವಾ ತನ್ನನ್ನು ಹೀಗೆ ಸೇರಿಸಿದ್ದಾರೆಂದು ತಿಳಿದ ದಿನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ 6 ತಿಂಗಳೊಳಗೆ ಪಾಲುದಾರನಾಗುವೆನೋ ಇಲ್ಲವೋ ಎಂದು ಸಾರ್ವಜನಿಕ ನೋಟಿಸು ಕೊಡಬೇಕು. ಸುಮ್ಮನಿದ್ದರೆ 6 ತಿಂಗಳು ಮುಗಿದಾಗ ಪಾಲುದಾರನಾಗಿಬಿಡುತ್ತಾನೆ. ಆಗ ಕಲಂ 30(7)ರಂತೆ ಅವನ ವೈಯಕ್ತಿಕ ಹೊಣೆ ಆ ದಿನದಿಂದ ಶುರುವಾಗುವುದಲ್ಲ, ಲಾಭಕ್ಕೆ ಸೇರಿಸಿಕೊಂಡ ಮೊದಲ ದಿನಕ್ಕೆ ಹಿಂದೆ ಸರಿಯುತ್ತದೆ. ಇಮ್ರಾನ್‌ನ 5,00,000 ರೂಪಾಯಿಯ ಕೇಬಲ್‌ಗೂ ಅವನೂ ಪೂರ್ತಿ ಹೊಣೆಗಾರ.